ತೊಗರಿ ಒಟ್ಟುಗೂಡಿಸುವ ರೈತ ಕಂಪನಿ: ಸದಸ್ಯರಿಗೆ ದುಡ್ಡು ಯಾವಾಗ, ಹೇಗೆ ಕೊಡಬೇಕು? ಮೂರು ದಾರಿಗಳ ಹೋಲಿಕೆ

ರೈತರು ಸೇರಿ ಕಂಪನಿ ಮಾಡೋಣ ಅಂತ ಕೂತಾಗ ಮೊದಲ ಸಭೆಯಲ್ಲಿ ಹೆಸರು, ಅಧ್ಯಕ್ಷರು, ಷೇರಿನ ಮೊತ್ತ, ಯಾವ ಸಬ್ಸಿಡಿ ಸಿಗುತ್ತೆ ಅನ್ನೋದರ ಬಗ್ಗೆಯೇ ಜಾಸ್ತಿ ಮಾತಾಗುತ್ತೆ. ಸದಸ್ಯರು ಚೀಲ ತಂದು ಇಳಿಸಿದ ದಿನ ಅವರ ಕೈಗೆ ಎಷ್ಟು ದುಡ್ಡು ಕೊಡ್ತೀವಿ, ಉಳಿದದ್ದು ಯಾವಾಗ, ಆ ನಡುವೆ ಬೆಲೆ ಬಿದ್ದರೆ ನಷ್ಟ ಯಾರದು ಅನ್ನೋದನ್ನು ಯಾರೂ ಎತ್ತುವುದಿಲ್ಲ. ಕಂಪನಿ ಉಳಿಯೋದು, ಮುಳುಗೋದು ಇದೇ ಪ್ರಶ್ನೆಯ ಮೇಲೆ. ಹಾಗಾಗಿ ನಾನು ಇಲ್ಲಿ ಅದೊಂದನ್ನೇ ಹಿಡಿದುಕೊಳ್ಳುತ್ತೇನೆ. ಉದಾಹರಣೆಗೆ ಕಲಬುರಗಿ ಕಡೆಯ ತೊಗರಿ ಗುಂಪೊಂದನ್ನು ಇಟ್ಟುಕೊಳ್ಳೋಣ.

ಅದಕ್ಕೂ ಮುಂಚೆ, ಸಹಕಾರ ಸಂಘವೋ ಉತ್ಪಾದಕ ಕಂಪನಿಯೋ ಅನ್ನೋದನ್ನು ಬೇಗ ಮುಗಿಸಿಬಿಡುತ್ತೇನೆ. 1959ರ ಕಾಯ್ದೆಯ ಸಹಕಾರ ಸಂಘದಲ್ಲಿ ಸಹಕಾರ ಇಲಾಖೆಯ ಕೈ ಜಾಸ್ತಿ. 1997ರ ಸೌಹಾರ್ದ ಕಾಯ್ದೆಯಲ್ಲಿ ಅದು ಕಡಿಮೆ. ಉತ್ಪಾದಕ ಕಂಪನಿ ಈಗ ನಡೆಯೋದು 2013ರ ಕಂಪನಿ ಕಾಯ್ದೆಯ 21ಎ ಅಧ್ಯಾಯದ ಮೇಲೆ. ಹತ್ತು ಜನ ರೈತರಿದ್ದರೆ ನೋಂದಣಿ ಮಾಡಬಹುದು, ನಿರ್ದೇಶಕರು 5ರಿಂದ 15 ಜನ, ಎಷ್ಟು ಷೇರು ಇದ್ದರೂ ಒಬ್ಬ ಸದಸ್ಯನಿಗೆ ಒಂದೇ ಮತ. ಬೇರೆ ಬೇರೆ ಕಡೆಯ ಖರೀದಿದಾರರ ಜೊತೆ ವ್ಯಾಪಾರ ಮಾಡುವ ಗುಂಪಿಗೆ ನನ್ನ ಪ್ರಕಾರ ಕಂಪನಿಯೇ ಸರಿ. ಆದರೆ ಒಂದು ಗಂಟು ಇದೆ. ಇದರಲ್ಲಿ ಷೇರು ಹಿಡಿಯೋಕೆ ಉತ್ಪಾದಕರಿಗೆ, ಉತ್ಪಾದಕರ ಸಂಸ್ಥೆಗಳಿಗೆ ಮಾತ್ರ ಅವಕಾಶ. ಹೊರಗಿನ ಹಣವಂತರು ಬಂದು ಬಂಡವಾಳ ಹಾಕಿ ಪಾಲುದಾರರಾಗಲು ಆಗಲ್ಲ. ಹಾಗಾದರೆ ವ್ಯಾಪಾರಕ್ಕೆ ಬೇಕಾದ ದುಡ್ಡು ಬರೋದು ಮೂರೇ ಕಡೆಯಿಂದ: ಸದಸ್ಯರ ಷೇರು ಹಣ, ಸಾಲ, ಇಲ್ಲವೇ ಸದಸ್ಯರಿಗೆ ಕೊಡಬೇಕಾದದ್ದನ್ನೇ ಸ್ವಲ್ಪ ದಿನ ತಡೆದು ಇಟ್ಟುಕೊಂಡ ಹಣ. ಮೂರನೆಯದನ್ನು ಕಾನೂನೇ ಒಪ್ಪುತ್ತೆ. ಅದಕ್ಕೆ ಆಮೇಲೆ ಬರುತ್ತೇನೆ.

ಸರ್ಕಾರದ ನೆರವಿನ ಬಗ್ಗೆ ಒಂದು ಮಾತು. 2020ರಲ್ಲಿ ಶುರುವಾದ ಹತ್ತು ಸಾವಿರ ರೈತ ಉತ್ಪಾದಕ ಸಂಸ್ಥೆ, ಅಂದರೆ ಎಫ್‌ಪಿಒ ಕಟ್ಟುವ ಯೋಜನೆಯಲ್ಲಿ ಒಂದೊಂದು ಸಂಸ್ಥೆಗೆ ಮೂರು ವರ್ಷದ ನಿರ್ವಹಣೆಗೆ 18 ಲಕ್ಷದವರೆಗೆ ನೆರವು, ಸದಸ್ಯರ ಷೇರಿಗೆ ಸರಿಸಮ ಅನುದಾನ ಅಂತ ತಲಾ 2,000 ರೂಪಾಯಿವರೆಗೆ, ಒಟ್ಟು 15 ಲಕ್ಷದ ಮಿತಿಯಲ್ಲಿ ಇತ್ತು. 2025ರ ಫೆಬ್ರವರಿಯಲ್ಲಿ ಹತ್ತು ಸಾವಿರದ ಆ ಗುರಿ ಮುಟ್ಟಿತು. ಈಗ ಹೊಸದಾಗಿ ಕಟ್ಟುವವರು ಮಂಜೂರಾತಿ ಪತ್ರ ಕೈಗೆ ಬರುವವರೆಗೆ ಒಂದು ರೂಪಾಯಿಯನ್ನೂ ಲೆಕ್ಕಕ್ಕೆ ಹಿಡಿಯಬೇಡಿ. ನಾನು ಕೂಡ ಕೆಳಗಿನ ಲೆಕ್ಕದಲ್ಲಿ ಹಿಡಿದಿಲ್ಲ.

ನಮ್ಮ ಉದಾಹರಣೆಯ ಗುಂಪು

300 ಸದಸ್ಯರು, ತಲಾ 2,000 ರೂಪಾಯಿ ಷೇರು, ಒಟ್ಟು 6 ಲಕ್ಷ. ಖರ್ಚಿಗೆ 1 ಲಕ್ಷ ಎತ್ತಿಟ್ಟರೆ ಖರೀದಿಗೆ 5 ಲಕ್ಷ. ಮೊದಲ ಸುಗ್ಗಿಯಲ್ಲಿ 400 ಕ್ವಿಂಟಲ್ ತೊಗರಿ ಬರುತ್ತೆ ಅಂದುಕೊಳ್ಳೋಣ. ಜನವರಿಯಲ್ಲಿ ಊರಲ್ಲಿ ಸಿಗುವ ಬೆಲೆ ಕ್ವಿಂಟಲ್‌ಗೆ 7,000, ದಾಲ್ ಮಿಲ್ಲಿನಲ್ಲಿ 7,450. ಇವು ಲೆಕ್ಕ ಸುಲಭವಾಗಲಿ ಅಂತ ನಾನು ಇಟ್ಟ ಅಂಕಿಗಳು. ನಿಮ್ಮ ಊರಿನ ಅಂಕಿ ಹಾಕಿ ಮತ್ತೆ ಮಾಡಿಕೊಳ್ಳಿ.

ಜರಡಿ ಹಿಡಿದು ಕಸ, ಹೊಟ್ಟು, ಮುರುಕಲು ತೆಗೆದರೆ 100 ಕೆಜಿಗೆ 98.5 ಕೆಜಿ ಉಳಿಯಿತು ಅನ್ನಿ. ಅದಕ್ಕೆ ಮಿಲ್ಲು ಕೊಡೋದು 7,338. ಜರಡಿ, ಗೋಣಿಚೀಲ, ಹಮಾಲಿ, ಲಾರಿ ಬಾಡಿಗೆ ಸೇರಿ 200 ಕಳೆಯಿರಿ. 7,138 ಉಳಿಯಿತು. ಅಂದರೆ 7,450ಕ್ಕೂ 7,000ಕ್ಕೂ 450 ರೂಪಾಯಿ ಅಂತರ ಕಂಡರೂ ನಿಜವಾಗಿ ಕೈಗೆ ಸಿಗೋದು 138. ಈ 138ನ್ನು ತಲೆಯಲ್ಲಿಟ್ಟುಕೊಂಡು ಮುಂದೆ ಓದಿ.

ಮೊದಲ ದಾರಿ: ನಗದು ಕೊಟ್ಟು ಕೊಂಡುಕೊಳ್ಳುವುದು

ಸದಸ್ಯ ಚೀಲ ಇಳಿಸಿದ ದಿನವೇ, ಹೆಚ್ಚೆಂದರೆ ಮಾರನೇ ದಿನ, ಪೂರ್ತಿ 7,000 ಅವನ ಖಾತೆಗೆ ಹೋಗುತ್ತೆ. ಸದಸ್ಯರಿಗೆ ಇದೇ ಇಷ್ಟ. ರಾಶಿ ಮಾಡಿದವರ ಕೂಲಿ, ಯಂತ್ರದ ಬಾಡಿಗೆ, ಬೆಳೆ ಸಾಲದ ಕಂತು ಎಲ್ಲ ಕಾಯ್ತಾ ಇರುತ್ತೆ ಅಲ್ವಾ.

ಕಂಪನಿಗೆ ಏನಾಗುತ್ತೆ ನೋಡಿ. 5 ಲಕ್ಷಕ್ಕೆ ಸಿಗೋದು 71 ಕ್ವಿಂಟಲ್, ಅಂದರೆ ಒಂದು ಸಣ್ಣ ಲಾರಿ ಲೋಡು. ಆ ಒಂದು ಲಾರಿ ಮಿಲ್ಲಿಗೆ ಹೊರಟ ಕ್ಷಣ ಕಂಪನಿಯ ಖರೀದಿ ಹಣವೆಲ್ಲ ರಸ್ತೆಯ ಮೇಲಿದೆ. ಮಿಲ್ಲಿನವರು ದುಡ್ಡು ಕೊಡುವವರೆಗೆ ಎರಡನೇ ಲಾರಿ ತುಂಬಿಸೋಕೆ ಆಗಲ್ಲ. ಖರೀದಿಯಿಂದ ಹಣ ವಾಪಸ್ ಬರುವವರೆಗೆ 21 ದಿನ ಹಿಡಿದರೆ 60 ದಿನದ ಸುಗ್ಗಿಯಲ್ಲಿ ಆ ಹಣ ಸುಮಾರು ಮೂರು ಸುತ್ತು ಹೊಡೆಯುತ್ತೆ, 210 ಕ್ವಿಂಟಲ್ ಆಗುತ್ತೆ. ಮಿಲ್ಲಿನವರು 45 ದಿನ ಎಳೆದರೆ ಒಂದೇ ಸುತ್ತು, ಎರಡನೆಯದು ಶುರುವಾಗುವ ಹೊತ್ತಿಗೆ ಸದಸ್ಯರ ಮನೆಯಲ್ಲಿ ಮಾಲಿಲ್ಲ. ಹಾಗಾಗಿ ಖರೀದಿದಾರನನ್ನು ಆರಿಸುವಾಗ ಯಾರು 50 ರೂಪಾಯಿ ಜಾಸ್ತಿ ಕೊಡ್ತಾರೆ ಅನ್ನೋದಕ್ಕಿಂತ ಯಾರು ಎಷ್ಟು ದಿನದಲ್ಲಿ ಕೊಡ್ತಾರೆ ಅಂತ ಮೊದಲು ಕೇಳಿ.

ಸಾಲ ತಂದು ಕೊಳ್ಳಬಹುದಲ್ಲ ಅಂತೀರಾ? ವರ್ಷಕ್ಕೆ 12 ಪರ್ಸೆಂಟ್ ಬಡ್ಡಿ ಅಂದರೆ 7,000ಕ್ಕೆ 21 ದಿನದ ಬಡ್ಡಿ 48 ರೂಪಾಯಿ. 138ರಲ್ಲಿ 90 ಉಳಿಯುತ್ತೆ. 45 ದಿನವಾದರೆ ಬಡ್ಡಿ 104, ಉಳಿಯೋದು 34. ಬಡ್ಡಿಗಿಂತ ದೊಡ್ಡ ಅಪಾಯ ಬೆಲೆಯದು. ಕೊಂಡ ಮೇಲೆ ಮಿಲ್ಲಿನ ಬೆಲೆ 7,450ರಿಂದ 7,300ಕ್ಕೆ ಇಳಿದರೂ ಸಾಕು, ಬಡ್ಡಿ ಬಿಟ್ಟೇ ಲೆಕ್ಕ ಹಾಕಿದರೂ ನಷ್ಟ. ಕ್ವಿಂಟಲ್‌ಗೆ 500 ಇಳಿಯುವುದು ತೊಗರಿಯಲ್ಲಿ ದೊಡ್ಡ ಮಾತೇನಲ್ಲ. ಆಮದಿನ ಸುದ್ದಿ ಬಂದರೆ ಸಾಕು. 400 ಕ್ವಿಂಟಲ್ ಮಾಲು ಕಂಪನಿಯ ಹೆಸರಲ್ಲಿ ಇದ್ದಾಗ ಹಾಗಾದರೆ ಸುಮಾರು 2 ಲಕ್ಷ ಹೋಯಿತು. 300 ಜನ ಕೂಡಿಹಾಕಿದ ಷೇರು ಹಣದಲ್ಲಿ ಮೂರನೇ ಒಂದು ಭಾಗ ಅದು.

ಈ ದಾರಿ ಹಿಡಿಯುವುದಾದರೆ ಒಂದು ನಿಯಮ ಬರವಣಿಗೆಯಲ್ಲಿ ಇರಲೇಬೇಕು: ಮಾರಾಟ ಪಕ್ಕಾ ಆಗದ ಮಾಲು ಇಷ್ಟು ಕ್ವಿಂಟಲ್ ದಾಟಬಾರದು ಅಂತ. ಆ ಮಿತಿಯನ್ನು ಹೀಗೆ ಲೆಕ್ಕ ಹಾಕಿ. ಸ್ವಂತ ಹಣ 6 ಲಕ್ಷದಲ್ಲಿ ಹತ್ತನೇ ಒಂದು ಭಾಗ, ಅಂದರೆ 60,000 ಹೋದರೂ ತಡೆದುಕೊಳ್ತೀವಿ ಅಂತ ಆಡಳಿತ ಮಂಡಳಿ ತೀರ್ಮಾನಿಸಲಿ. ಬೆಲೆ 500 ಬೀಳಬಹುದು ಅಂತ ಹಿಡಿದರೆ 60,000 ಭಾಗಿಸು 500, ಅಂದರೆ 120 ಕ್ವಿಂಟಲ್. ಅದಕ್ಕಿಂತ ಜಾಸ್ತಿ ಮಾಲನ್ನು ಸಿಇಒ ಕೊಳ್ಳಬೇಕಾದರೆ ಮಿಲ್ಲಿನಿಂದ ಬೆಲೆ ಬರೆದ ಆರ್ಡರ್ ಕೈಯಲ್ಲಿರಬೇಕು. ಫೋನಿನಲ್ಲಿ ಹೇಳಿದ ಬೆಲೆಗೆ ಲಾರಿ ತುಂಬಬಾರದು.

ಎರಡನೇ ದಾರಿ: ಮಾಲು ಸದಸ್ಯನದ್ದೇ, ಕಂಪನಿ ಮಾರಿಕೊಡುತ್ತೆ

ಇಲ್ಲಿ ಕಂಪನಿ ತೂಕ ಹಾಕಿ, ದರ್ಜೆ ನೋಡಿ, ಎಲ್ಲರ ಮಾಲು ಸೇರಿಸಿ ದೊಡ್ಡ ಲಾಟು ಮಾಡಿ ಮಾರುತ್ತೆ. ಖರ್ಚು ಮತ್ತು ಕ್ವಿಂಟಲ್‌ಗೆ 100 ರೂಪಾಯಿ ಸೇವಾ ಶುಲ್ಕ ಕಳೆದು ಉಳಿದದ್ದನ್ನು ಸದಸ್ಯನಿಗೆ ಕೊಡುತ್ತೆ. 400 ಕ್ವಿಂಟಲ್‌ಗೆ ಬೇಕಾಗೋದು 80,000 ರೂಪಾಯಿ ಖರ್ಚಿನ ಹಣ ಅಷ್ಟೇ. ಎತ್ತಿಟ್ಟ 1 ಲಕ್ಷದಲ್ಲೇ ಮುಗಿಯುತ್ತೆ. ಬೆಲೆ ಬಿದ್ದರೆ ಕಂಪನಿ ಮುಳುಗಲ್ಲ.

ಸದಸ್ಯನಿಗೆ ಎಷ್ಟು ಬಂತು? 7,138ರಲ್ಲಿ 100 ಕಳೆದು 7,038. ಊರಲ್ಲೇ ಇವತ್ತೇ 7,000 ಸಿಗುತ್ತಿದ್ದಾಗ ಮೂರು ವಾರ ಕಾದು 38 ರೂಪಾಯಿ ಜಾಸ್ತಿ. ಇದನ್ನು ಮುಚ್ಚಿಟ್ಟು ಸದಸ್ಯರನ್ನು ಕರೆಯಬೇಡಿ, ಅವರೇ ಎರಡು ನಿಮಿಷದಲ್ಲಿ ಲೆಕ್ಕ ಹಾಕ್ತಾರೆ. ಈ ದಾರಿ ಕೆಲಸ ಮಾಡೋದು ಊರಿನ ತೂಕದಲ್ಲಿ, ಕಡಿತದಲ್ಲಿ ಸದಸ್ಯರು ಈಗಾಗಲೇ ಜಾಸ್ತಿ ಕಳೆದುಕೊಳ್ಳುತ್ತಿದ್ದರೆ. ಕ್ವಿಂಟಲ್‌ಗೆ ಒಂದೂವರೆ ಕೆಜಿ ಸುಮ್ನೆ ಹೋಗುತ್ತಿದ್ದರೆ ಅದೇ 105 ರೂಪಾಯಿ ಆಯಿತು, ಆಗ ನಿಮ್ಮ ಎಲೆಕ್ಟ್ರಾನಿಕ್ ತಕ್ಕಡಿಯೇ ದೊಡ್ಡ ಲಾಭ. ಶುರು ಮಾಡುವ ಮುಂಚೆ ಇಪ್ಪತ್ತು ಸದಸ್ಯರ ಹಳೆಯ ಮಾರಾಟದ ಚೀಟಿ ಇಸಿದುಕೊಂಡು ಕೈಗೆ ನಿಜವಾಗಿ ಎಷ್ಟು ಬಂದಿತ್ತು ಅಂತ ನೋಡಿ.

ಇನ್ನೊಂದು ತೊಂದರೆ, ದಲಾಲಿ ಅಂಗಡಿಯಲ್ಲಿ ಉದ್ರಿ ಇಟ್ಟವರದು. ಬಿತ್ತನೆ ಹೊತ್ತಲ್ಲಿ ದುಡ್ಡು ತಂದಿದ್ದಾರೆ, ಮಾಲು ಅಲ್ಲಿಗೇ ಹೋಗಬೇಕು. ಅವರನ್ನು ನಿಷ್ಠೆ ಇಲ್ಲದವರು ಅಂತ ಬೈಯುವುದು ತಪ್ಪು. ಮೊದಲ ವರ್ಷ ಅವರಿಂದ ಪೂರ್ತಿ ಮಾಲು ಕೇಳಬೇಡಿ, ಎರಡು ಚೀಲ ತಂದರೂ ಸಾಕು ಅನ್ನಿ.

ನಿಯಮದ ಕಡೆ ಇಲ್ಲಿ ಮುಖ್ಯವಾದದ್ದು ದರ್ಜೆ. ಒಬ್ಬ 11 ಪರ್ಸೆಂಟ್ ತೇವಾಂಶದ ಗಟ್ಟಿ ಕಾಳು ತಂದು, ಇನ್ನೊಬ್ಬ 15 ಪರ್ಸೆಂಟಿನ ಹಸಿ ಕಾಳು ತಂದು, ಇಬ್ಬರದೂ ಒಂದೇ ಲಾಟಿಗೆ ಹೋಗಿ ಒಂದೇ ಬೆಲೆ ಸಿಕ್ಕರೆ ಮುಂದಿನ ವರ್ಷ ಗಟ್ಟಿ ಕಾಳಿನವನು ಬರಲ್ಲ. ಬೆಂಬಲ ಬೆಲೆಯ ಖರೀದಿಯಲ್ಲಿ ತೇವಾಂಶಕ್ಕೆ 12 ಪರ್ಸೆಂಟ್ ಮಿತಿ ಇದೆ, ಅದನ್ನೇ ನಿಮ್ಮ ಗೆರೆ ಮಾಡಿಕೊಳ್ಳಿ. ತೇವಾಂಶ ಮಾಪಕ ರೈತನ ಕಣ್ಣೆದುರೇ ಇರಲಿ, ಅಂಕಿಯನ್ನು ತೂಕದ ಚೀಟಿಯ ಮೇಲೆ ಬರೆದು ಸಹಿ ಹಾಕಿಸಿ. ನಿರ್ದೇಶಕರ ಮಾಲನ್ನು ಅಳೆಯುವಾಗ ಬೇರೆ ಇಬ್ಬರು ಸದಸ್ಯರು ಪಕ್ಕದಲ್ಲಿ ನಿಂತಿರಬೇಕು ಅನ್ನೋ ನಿಯಮವನ್ನೂ ಸೇರಿಸಿ. ನಿರ್ದೇಶಕರ ಹಸಿ ತೊಗರಿ ಪಾಸಾಯಿತು ಅನ್ನೋ ಒಂದು ಮಾತು ಊರಲ್ಲಿ ಹಬ್ಬಿದರೆ ಆ ಸುಗ್ಗಿ ಮುಗಿಯಿತು.

ಮೂರನೇ ದಾರಿ: ಮುಂಗಡ ಕೊಟ್ಟು ಗೋದಾಮಿನಲ್ಲಿಟ್ಟು, ಮಾರಿದ ಮೇಲೆ ಬಾಕಿ

ಕಂಪನಿ ಕಾಯ್ದೆಯ 378ಇ ಸೆಕ್ಷನ್ ಏನು ಹೇಳುತ್ತೆ ಅಂದರೆ, ಸದಸ್ಯ ಕೊಟ್ಟ ಮಾಲಿಗೆ ಮೊದಲು ಆಡಳಿತ ಮಂಡಳಿ ನಿಗದಿ ಮಾಡಿದಷ್ಟು ಮೌಲ್ಯ ಸಿಗುತ್ತೆ, ತಡೆಹಿಡಿದ ಬೆಲೆಯನ್ನು ಆಮೇಲೆ ಅವನು ಕೊಟ್ಟ ಮಾಲಿನ ಪ್ರಮಾಣಕ್ಕೆ ತಕ್ಕಂತೆ ನಗದಾಗಿಯೋ, ವಸ್ತುವಾಗಿಯೋ, ಷೇರಾಗಿಯೋ ಕೊಡಬಹುದು. ಮೊದಲಲ್ಲಿ ಹೇಳಿದ ಮೂರನೇ ಬಂಡವಾಳ ಇದೇ. ಎಷ್ಟೋ ಗುಂಪುಗಳಿಗೆ ಈ ಅವಕಾಶ ತಮ್ಮ ಕೈಯಲ್ಲಿದೆ ಅನ್ನೋದೇ ಗಮನಕ್ಕೆ ಬಂದಿರಲ್ಲ.

ನಡೆಯುವ ರೀತಿ ಹೀಗೆ. ಸದಸ್ಯನಿಗೆ ಚೀಲ ಇಳಿಸಿದಾಗ ನೂರಕ್ಕೆ 70, ಅಂದರೆ 4,900 ಕೊಡಿ. ಮಾಲನ್ನು ಡಬ್ಲ್ಯೂಡಿಆರ್‌ಎ, ಅಂದರೆ ಗೋದಾಮುಗಳ ಕೇಂದ್ರ ನಿಯಂತ್ರಣ ಪ್ರಾಧಿಕಾರದ ನೋಂದಣಿ ಇರುವ ಗೋದಾಮಿಗೆ ಹಾಕಿ. ಅವರು ಕಂಪ್ಯೂಟರಿನಲ್ಲೇ ದಾಖಲಾಗುವ ಇ-ಎನ್‌ಡಬ್ಲ್ಯೂಆರ್ ಅನ್ನೋ ರಸೀದಿ ಕೊಡ್ತಾರೆ, ಅದನ್ನು ಬ್ಯಾಂಕಿನಲ್ಲಿ ಅಡವಿಟ್ಟು ಸಾಲ ಪಡೆಯಬಹುದು. ಬ್ಯಾಂಕು ಮಾಲಿನ ಪೂರ್ತಿ ಬೆಲೆಗೆ ಸಾಲ ಕೊಡಲ್ಲ. ನೂರಕ್ಕೆ 70 ಕೊಟ್ಟಿತು ಅನ್ನೋಣ. 100 ಕ್ವಿಂಟಲ್ ಕೂಡಿದಾಗ ನಿಮ್ಮ ಕೈಯಿಂದ 4.9 ಲಕ್ಷ ಹೋಗಿರುತ್ತೆ. ಅದನ್ನು ಗೋದಾಮಿಗೆ ಹಾಕಿ ರಸೀದಿ ಅಡವಿಟ್ಟರೆ ಅದೇ 4.9 ಲಕ್ಷ ವಾಪಸ್. ಹೀಗೆ ನಾಲ್ಕು ಸುತ್ತಿನಲ್ಲಿ 400 ಕ್ವಿಂಟಲ್ ಆಯಿತು. ಮೊದಲ ದಾರಿಯಲ್ಲಿ ಒಂದೇ ಸಣ್ಣ ಲಾರಿಗೆ ಮುಗಿಯುತ್ತಿದ್ದ 5 ಲಕ್ಷ ಇಲ್ಲಿ ಇಡೀ ಸುಗ್ಗಿಯನ್ನು ದಾಟಿಸುತ್ತೆ. ಬ್ಯಾಂಕು ಅಡವು ಸಾಲವನ್ನು ಎಷ್ಟು ದಿನದಲ್ಲಿ ಖಾತೆಗೆ ಹಾಕುತ್ತೆ ಅನ್ನೋದು ಮಾತ್ರ ಇದರ ಜೀವ. ನವೆಂಬರಿನಲ್ಲೇ ಸಾಲದ ಮಿತಿ ಮಂಜೂರು ಮಾಡಿಸಿಕೊಂಡಿರಬೇಕು. ಜನವರಿಯಲ್ಲಿ ಅರ್ಜಿ ಹಾಕಿದರೆ ಹಣ ಬರೋದು ಸುಗ್ಗಿ ಮುಗಿದ ಮೇಲೆ.

ಆದರೆ ಇಡುವುದಕ್ಕೂ ಖರ್ಚಿದೆ. 10 ಪರ್ಸೆಂಟ್ ಬಡ್ಡಿಯಲ್ಲಿ 4,900ಕ್ಕೆ ನಾಲ್ಕು ತಿಂಗಳಿಗೆ 163. ಗೋದಾಮು ಬಾಡಿಗೆ ಕ್ವಿಂಟಲ್‌ಗೆ ತಿಂಗಳಿಗೆ 16 ಅಂದರೆ 64. ಎರಡನೇ ಸಲ ಇಳಿಸಿ ಏರಿಸಿದ ಹಮಾಲಿ 30. ಒಟ್ಟು 257, ತಿಂಗಳಿಗೆ ಸುಮಾರು 64 ರೂಪಾಯಿ. ಬೆಲೆ ಅದಕ್ಕಿಂತ ವೇಗವಾಗಿ ಏರದಿದ್ದರೆ ಇಟ್ಟದ್ದೇ ನಷ್ಟ.

ಎರಡು ರೀತಿ ನೋಡೋಣ. ಮೇ ತಿಂಗಳಲ್ಲಿ ಮಿಲ್ಲಿನ ಬೆಲೆ 7,900 ಆಯಿತು ಅನ್ನಿ. 98.5 ಕೆಜಿಗೆ 7,781. ಅದರಲ್ಲಿ 200 ಖರ್ಚು, 257 ಇಟ್ಟ ಖರ್ಚು, 100 ಕಂಪನಿಯ ಶುಲ್ಕ ಕಳೆದರೆ 7,224. ಮುಂಗಡ 4,900 ಹೋಗಿದೆ, ಬಾಕಿ 2,324 ಕೊಡಬೇಕು. ಸದಸ್ಯನಿಗೆ ಜನವರಿಗಿಂತ 224 ಜಾಸ್ತಿ. ಅದೇ ಬೆಲೆ 7,300ಕ್ಕೆ ಇಳಿದರೆ ಸಿಗೋದು ಒಟ್ಟು 6,633, ಜನವರಿಗಿಂತ 367 ಕಡಿಮೆ. ಬಾಕಿಯಾಗಿ 1,733 ಮಾತ್ರ ಬಂತು. ಕಂಪನಿ ಮುಳುಗಲಿಲ್ಲ, ಆದರೆ ಸಭೆಯಲ್ಲಿ ಗಲಾಟೆ ಆಗುತ್ತೆ. ಬೆಲೆ ತೀರ ಬಿದ್ದರೆ ಬ್ಯಾಂಕು ನಡುವೆಯೇ ಇನ್ನಷ್ಟು ಹಣ ಕಟ್ಟಿ ಅನ್ನುತ್ತೆ, ಇಲ್ಲ ಮಾಲು ಮಾರಿ ಸಾಲ ತೀರಿಸಿ ಅನ್ನುತ್ತೆ. ಅದಕ್ಕೇ ಆ 5 ಲಕ್ಷವನ್ನು ಸುಗ್ಗಿ ಮುಗಿದ ಮೇಲೆ ಬೇರೆ ಕಡೆ ಹಾಕದೆ ಹಾಗೇ ಇಟ್ಟಿರಬೇಕು.

ಈ ಗಲಾಟೆಯನ್ನು ತಡೆಯುವ ನಿಯಮಗಳನ್ನು ಮಾಲು ಇಳಿಸುವ ಮುಂಚೆಯೇ ಬರೆದಿಡಿ. ಮಾರುವ ತೀರ್ಮಾನ ಯಾರದು? ನನ್ನ ಸಲಹೆ, ಒಬ್ಬ ಅಧ್ಯಕ್ಷರದ್ದಾಗಬಾರದು, ಮೂರು ಜನರ ಮಾರಾಟ ಸಮಿತಿ ಇರಲಿ. ಫೆಬ್ರವರಿ, ಮಾರ್ಚ್, ಏಪ್ರಿಲ್ ಕೊನೆಯಲ್ಲಿ ನಾಲ್ಕನೇ ಒಂದೊಂದು ಭಾಗ ಮಾರಿಯೇ ಮಾರುವುದು, ಕೊನೆಯ ಭಾಗ ಮೇ ಮುಗಿಯುವುದರೊಳಗೆ. ಎಲ್ಲ ಮಾರಾಟದ ಸರಾಸರಿ ಬೆಲೆಯೇ ಎಲ್ಲರಿಗೂ. ನನ್ನ ಮಾಲು ಒಳ್ಳೆ ದಿನ ಮಾರಿದ್ದು ಅನ್ನೋ ವಾದಕ್ಕೆ ಅವಕಾಶವೇ ಇರಬಾರದು. ಬಾಕಿ ಹಣದ ಕೊನೆಯ ತಾರೀಖು ರಸೀದಿಯ ಮೇಲೆ ಅಚ್ಚಾಗಿರಲಿ. ತಡೆಹಿಡಿದ ಹಣದಲ್ಲಿ ಕಂಪನಿಯ ಬಾಡಿಗೆ, ಸಂಬಳ ಕೊಡಬಾರದು. ಅದಕ್ಕೆ ಬೇರೆ ಬ್ಯಾಂಕ್ ಖಾತೆ ಬೇಕು, ಇಬ್ಬರ ಸಹಿ ಬೇಕು. ಬಾಕಿಯನ್ನು ಷೇರಾಗಿ ಕೊಡುವುದು ಕಾನೂನು ಪ್ರಕಾರ ಸರಿ. ಹಾಗಂತ ಸದಸ್ಯನನ್ನು ಕೇಳದೆ ಮಾಡಿದರೆ ಅವನು ಮತ್ತೆ ಚೀಲ ತರಲ್ಲ. ಕ್ವಿಂಟಲ್‌ಗೆ 50 ರೂಪಾಯಿ ಷೇರಿಗೆ ಹೋಗುತ್ತೆ ಅಂತ ಮೊದಲೇ ವಾರ್ಷಿಕ ಸಭೆಯಲ್ಲಿ ಒಪ್ಪಿಸಿಕೊಂಡರೆ ಬಂಡವಾಳ ತಾನಾಗಿ ಬೆಳೆಯುತ್ತೆ, ಜಾಸ್ತಿ ಮಾಲು ಕೊಟ್ಟವನ ಪಾಲೂ ಬೆಳೆಯುತ್ತೆ.

ಮೂರಕ್ಕೂ ಬೇಕಾದ ಆಡಳಿತದ ಕಟ್ಟು

ಕಂಪನಿಯ ವ್ಯಾಪಾರಕ್ಕೆ ಎದುರಾದ ವ್ಯಾಪಾರದ ಹಿತ ಇರುವವರು ಸದಸ್ಯರಾಗುವಂತಿಲ್ಲ ಅಂತ ಕಾಯ್ದೆಯೇ ಹೇಳುತ್ತೆ. ದಲಾಲಿ ಅಂಗಡಿ ಇಟ್ಟವರು ಪರಿಚಯಸ್ಥರು, ಅನುಭವಿಗಳು ಅಂತ ಒಳಗೆ ತರಬೇಡಿ. ಮನೆಯವರ ಹೆಸರಲ್ಲಿ ಅಂಗಡಿ ಇದ್ದರೆ ಏನು ಅನ್ನೋದನ್ನೂ ನಿಮ್ಮ ಕಂಪನಿಯ ಒಳನಿಯಮಗಳಾದ ಆರ್ಟಿಕಲ್ಸ್‌ನಲ್ಲಿ ಬರೆದುಕೊಳ್ಳಿ.

ಸಕ್ರಿಯ ಸದಸ್ಯ ಯಾರು ಅನ್ನೋದನ್ನೂ ಆರ್ಟಿಕಲ್ಸ್‌ನಲ್ಲೇ ನಿಗದಿ ಮಾಡಬಹುದು, ಮತದಾನವನ್ನು ಅವರಿಗಷ್ಟೇ ಸೀಮಿತ ಮಾಡುವ ಅವಕಾಶವೂ ಇದೆ. ವರ್ಷಕ್ಕೆ ಕನಿಷ್ಠ ಎರಡು ಕ್ವಿಂಟಲ್ ಕೊಟ್ಟವರು ಅಂತ ಇಡಿ. ಗೆರೆ ಎತ್ತರ ಮಾಡಿದರೆ ಸಣ್ಣ ರೈತರು ಹೊರಗುಳಿಯುತ್ತಾರೆ.

ಸದಸ್ಯರ ಸಂಖ್ಯೆ ಏರಿಸುವ ಆಸೆ ಎಲ್ಲರಿಗೂ ಇರುತ್ತೆ. ಸಾಮಾನ್ಯ ಸಭೆಯ ಕೋರಂ ನಾಲ್ಕನೇ ಒಂದು ಭಾಗ ಅನ್ನೋದು ನೆನಪಿರಲಿ. 300 ಜನಕ್ಕೆ 75 ಜನ ಬಂದರೆ ಸಾಕು, 1,000 ಆದರೆ 250 ಜನ ಬಂದು ಕೂರಬೇಕು. ಷೇರು ಹಾಕಿ ಮಾಯವಾದವರು ಜಾಸ್ತಿ ಇದ್ದರೆ ಸಭೆಯೇ ನಡೆಯಲ್ಲ, ಸಭೆ ನಡೆಯದಿದ್ದರೆ ಲೆಕ್ಕಪತ್ರ ಒಪ್ಪಿಗೆ ಆಗಲ್ಲ. ವಾರ್ಷಿಕ ಲೆಕ್ಕ ಸಲ್ಲಿಸುವುದು ತಡವಾದರೆ ಒಂದೊಂದು ಫಾರಂಗೆ ದಿನಕ್ಕೆ 100 ರೂಪಾಯಿ ಹೆಚ್ಚುವರಿ ಶುಲ್ಕ ಬೀಳುತ್ತೆ. ಪೂರ್ಣಾವಧಿ ಸಿಇಒ ಕೂಡ ಕಡ್ಡಾಯ, ಅವರು ಸದಸ್ಯರಲ್ಲದವರೇ ಆಗಿರಬೇಕು.

ಹಾಗಾದರೆ ಯಾವುದನ್ನು ಆರಿಸಬೇಕು

ಮೊದಲ ಸುಗ್ಗಿಗೆ ನಾನು ಎರಡನೇ ದಾರಿಯನ್ನೇ ಹೇಳ್ತೀನಿ, ಜೊತೆಗೆ ತುರ್ತಿರುವ ಸದಸ್ಯರಿಗೆ ಸಣ್ಣ ಮುಂಗಡ. ತೂಕ, ತೇವಾಂಶ, ಚೀಟಿ, ಖಾತೆಗೆ ಹಣ, ಇಷ್ಟು ಸರಿಯಾಗಿ ಮಾಡಲು ಕಲಿತರೆ ಸಾಕು. ಎರಡನೇ ಸುಗ್ಗಿಗೆ ಮಾಲಿನ ಅರ್ಧ ಭಾಗವನ್ನು ಮೂರನೇ ದಾರಿಗೆ ತನ್ನಿ. ನೋಂದಣಿ ಇರುವ ಗೋದಾಮು ನಿಮ್ಮ ಊರಿಂದ ತುಂಬಾ ದೂರ ಇದ್ದರೆ ಮಾತ್ರ ಲಾರಿ ಬಾಡಿಗೆ ಸೇರಿಸಿ ಮತ್ತೆ ಲೆಕ್ಕ ಹಾಕಿ, ಆ 224 ರೂಪಾಯಿ ಅಲ್ಲೇ ಹೋಗಿಬಿಡಬಹುದು. ಮೊದಲ ದಾರಿಯನ್ನು ಬರೆದ ಆರ್ಡರ್ ಇರುವ ಲಾರಿಗಳಿಗೆ ಮಾತ್ರ ಇಟ್ಟುಕೊಳ್ಳಿ.

ಯಾವ ದಾರಿ ಹಿಡಿದರೂ ಕಂಪನಿಯ ಹೊಟ್ಟೆ ತುಂಬುತ್ತಾ ಅಂತ ಬೇರೆಯಾಗಿ ನೋಡಬೇಕು. 400 ಕ್ವಿಂಟಲ್‌ಗೆ 100ರಂತೆ ಶುಲ್ಕ ಬಂದದ್ದು 40,000. ಸಿಇಒ ಸಂಬಳ, ಆಡಿಟ್, ಬಾಡಿಗೆ ಸೇರಿ ವರ್ಷಕ್ಕೆ 4 ಲಕ್ಷ ಅಂದರೆ 4,000 ಕ್ವಿಂಟಲ್ ಬೇಕು. 300 ಸದಸ್ಯರು ತಲಾ ನಾಲ್ಕು ಎಕರೆಯಲ್ಲಿ ಎಕರೆಗೆ ನಾಲ್ಕು ಕ್ವಿಂಟಲ್ ಬೆಳೆದರೂ ಒಟ್ಟು 4,800. ಅದರಲ್ಲಿ ಹತ್ತರಲ್ಲಿ ಎಂಟು ಭಾಗಕ್ಕಿಂತ ಜಾಸ್ತಿ ನಿಮ್ಮಲ್ಲಿಗೇ ಬರಬೇಕು. ಆಗೋ ಮಾತಲ್ಲ. ಅದಕ್ಕೇ ಎಷ್ಟೋ ರೈತ ಕಂಪನಿಗಳು ಬೀಜ, ಗೊಬ್ಬರದ ಮಾರಾಟದ ಮೇಲೆ ನಿಂತಿವೆ. ನೀವೂ ಅದನ್ನು ಸೇರಿಸಿಕೊಳ್ಳಬೇಕಾಗುತ್ತೆ, ಆದರೆ ಜೂನ್‌ನಲ್ಲಿ ಸದಸ್ಯರಿಗೆ ಗೊಬ್ಬರವನ್ನು ಉದ್ರಿ ಕೊಟ್ಟರೆ ಆ ಹಣ ಜನವರಿಯವರೆಗೆ ಬರಲ್ಲ, ಬರಬೇಕಾದ ಹೊತ್ತಲ್ಲೇ ತೊಗರಿ ಮುಂಗಡಕ್ಕೂ ದುಡ್ಡು ಬೇಕು. ಹಾಗಾಗಿ ಗೊಬ್ಬರ ನಗದಿಗೇ ಇರಲಿ. ಉದ್ರಿ ಕೊಡಲೇಬೇಕೆಂದರೆ ಅದರ ಒಟ್ಟು ಮೊತ್ತಕ್ಕೆ ಒಂದು ಮಿತಿ ಹಾಕಿ, 4,900 ಮುಂಗಡದಲ್ಲೇ ಅದನ್ನು ಮೊದಲು ಮುರಿದುಕೊಳ್ಳುವ ಒಪ್ಪಿಗೆಯನ್ನು ಗೊಬ್ಬರದ ಚೀಲ ಕೊಡುವ ದಿನವೇ ಬರೆಸಿಕೊಳ್ಳಿ.